ಎಪ್ಪತ್ತೊಂದು ಕೋಳಿಮರಿ, ಆರು ಸಾಲಿನ ಕೋಷ್ಟಕ

ಇಂಗ್ಲೆಂಡಿನ ‘ಬಯೋಮೆಟ್ರಿಕಾ’ ಸಂಖ್ಯಾಶಾಸ್ತ್ರಕ್ಕೆ ಮೀಸಲಾದ ಹಳೆಯ ಪತ್ರಿಕೆ. 1948ರಲ್ಲಿ ಬಂದ ಅದರ 35ನೇ ಸಂಪುಟದ 214ನೇ ಪುಟದಲ್ಲಿ ಕೆಲವು ಕೋಳಿಮರಿಗಳ ತೂಕ ಅಚ್ಚಾಗಿದೆ. ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ, ಆರು ಗುಂಪು ಮಾಡಿದ್ದರು. ಒಂದೊಂದು ಗುಂಪಿಗೆ ಒಂದೊಂದು ಬಗೆಯ ಪೂರಕ ಆಹಾರ. ಆರು ವಾರ ಕಳೆದ ಮೇಲೆ ಪ್ರತಿಯೊಂದನ್ನೂ ತೂಗಿ ಗ್ರಾಂ ಲೆಕ್ಕದಲ್ಲಿ ಬರೆದಿಟ್ಟರು. ಒಟ್ಟು 71 ಮರಿಗಳು, 71 ಸಂಖ್ಯೆಗಳು. ಈ ಅಂಕಿಗಳನ್ನು ಬಳಸುವವರು ಲೇಖಕರ ಜಾಗದಲ್ಲಿ ‘ಅನಾಮಿಕ’ ಎಂದೇ ನಮೂದಿಸುತ್ತ ಬಂದಿದ್ದಾರೆ.

ಅದೇ ಸಂಪುಟದ ಮುಂಭಾಗದಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ, ಆಗ ಕೇಂಬ್ರಿಜ್‌ನಲ್ಲಿದ್ದ ಸಿ.ಆರ್. ರಾವ್ ಅವರ ಪ್ರಬಂಧವೂ ಇದೆ. ಹಲವು ಅಳತೆಗಳನ್ನು ಒಟ್ಟಿಗೆ ಹೋಲಿಸುವುದು ಹೇಗೆಂದು ವಿವರಿಸುವ ಆ ಬರಹ ಮುಂದೆ ಬಹಳ ಹೆಸರು ಮಾಡಿತು. ಲೇಖಕರ ಹೆಸರೇ ಇಲ್ಲದ ಕೋಳಿಮರಿಗಳಿಗೂ ಬೇರೊಂದು ಬಗೆಯ ದೀರ್ಘಾಯುಸ್ಸು ಸಿಕ್ಕಿತು. ಸಂಖ್ಯಾಶಾಸ್ತ್ರಜ್ಞರು ಬಳಸುವ R ಎಂಬ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡರೆ `chickwts` ಎಂಬ ಹೆಸರಿನಲ್ಲಿ ಈ 71 ತೂಕಗಳೂ ಜೊತೆಗೇ ಬರುತ್ತವೆ. ಹೊಸದಾಗಿ ವಿಷಯ ಕಲಿಯುವವರು ಇವುಗಳನ್ನು ಕೂಡಿ ಭಾಗಿಸಿ ಕೈ ಪಳಗಿಸಿಕೊಳ್ಳುತ್ತಾರೆ.

ಯಾವುದೇ ಸಂಶೋಧನಾ ವರದಿ ಇಂಥ ಅಂಕಿಗಳನ್ನು ಇಡಿಯಾಗಿ ಅಚ್ಚು ಹಾಕುವುದು ಅಪರೂಪ. ಗುಂಪಿಗೊಂದು ಸಾಲು ಕೊಟ್ಟು, ಎಷ್ಟು ಮರಿ, ಸರಾಸರಿ ಎಷ್ಟು, ಮಧ್ಯಾಂಕ ಎಷ್ಟು, ತೂಕಗಳು ಎಷ್ಟು ಹರಡಿವೆ ಎಂದು ಬರೆದು ಮುಗಿಸುತ್ತದೆ. ಇದನ್ನು ವಿವರಣಾತ್ಮಕ ಸಂಖ್ಯಾಶಾಸ್ತ್ರದ ಕೋಷ್ಟಕ ಎನ್ನುತ್ತಾರೆ. ಓದುಗರಲ್ಲಿ ಬಹುಪಾಲು ಮಂದಿ ಸರಾಸರಿಯ ಕಾಲಂ ಮೇಲೆ ಕಣ್ಣಾಡಿಸಿ, ಯಾವುದು ದೊಡ್ಡದು ಎಂದು ನೋಡಿ ಪುಟ ತಿರುಗಿಸುತ್ತಾರೆ. ಈ ಮರಿಗಳ ಮಟ್ಟಿಗೆ ಹಾಗೆ ಓದಿದವರು ತಪ್ಪು ದಾರಿ ಹಿಡಿಯುತ್ತಾರೆ. ಎಲ್ಲಾ 71 ತೂಕಗಳೂ ಸಿಗುವುದರಿಂದ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನೂ ತೋರಿಸಬಹುದು.

| ಆಹಾರ | ಮರಿಗಳು | ಸರಾಸರಿ | ಮಾನಕ ವಿಚಲನೆ | ಮಧ್ಯಾಂಕ | ಕನಿಷ್ಠ – ಗರಿಷ್ಠ |
|---|---|---|---|---|---|
| ಸೂರ್ಯಕಾಂತಿ | 12 | 328.9 | 48.8 | 328 | 226 – 423 |
| ಕೇಸಿನ್ | 12 | 323.6 | 64.4 | 342 | 216 – 404 |
| ಮಾಂಸದ ಪುಡಿ | 11 | 276.9 | 64.9 | 263 | 153 – 380 |
| ಸೋಯಾ | 14 | 246.4 | 54.1 | 248 | 158 – 329 |
| ಅಗಸೆ | 12 | 218.8 | 52.2 | 221 | 141 – 309 |
| ಹಾರ್ಸ್‌ಬೀನ್ | 10 | 160.2 | 38.6 | 151.5 | 108 – 227 |

(ತೂಕಗಳೆಲ್ಲ ಗ್ರಾಂಗಳಲ್ಲಿ)

ಕೇಸಿನ್ ಎಂದರೆ ಹಾಲಿನಿಂದ ಬೇರ್ಪಡಿಸಿದ ಪ್ರೋಟೀನ್. ಹಾರ್ಸ್‌ಬೀನ್ ಯುರೋಪಿನ ಕಡೆ ಜಾನುವಾರುಗಳಿಗೆ ಹಾಕುವ ಒಂದು ಜಾತಿಯ ದಪ್ಪ ಕಾಳು, ನಮ್ಮ ಹುರುಳಿಯಲ್ಲ. ಇಂದಿನ ಕೋಳಿ ಸಾಕಣೆಯವರಿಗೆ ಈ ತೂಕಗಳನ್ನು ಕಂಡು ನಗು ಬರಬಹುದು. ಆರು ವಾರಕ್ಕೆ ಈಗಿನ ಬ್ರಾಯ್ಲರ್ ಎರಡು ಕಿಲೋ ದಾಟುತ್ತದೆ, ಇಲ್ಲಿ ಅತಿ ಭಾರದ ಮರಿಯೂ ಅರ್ಧ ಕಿಲೋ ಮುಟ್ಟಿಲ್ಲ. ಬ್ರಾಯ್ಲರ್ ತಳಿಗಳು ಇಂದಿನ ರೂಪಕ್ಕೆ ಬರುವುದಕ್ಕೆ ಮುಂಚಿನ ಕಾಲ ಅದು.

ಕೋಷ್ಟಕದಲ್ಲಿ ಮೊದಲು ನೋಡಬೇಕಾದದ್ದು ಯಾರೂ ನೋಡದ ಕಾಲಂ, ಮರಿಗಳ ಸಂಖ್ಯೆ. 10, 11, 12, 14 ಎಂದು ಗುಂಪುಗಳು ಒಂದೇ ಅಳತೆಯಲ್ಲಿಲ್ಲ. ಆರು ಸರಾಸರಿಗಳನ್ನು ಕೂಡಿ ಆರರಿಂದ ಭಾಗಿಸಿದರೆ 259.1 ಬರುತ್ತದೆ. 71 ಮರಿಗಳ ತೂಕವನ್ನೇ ಕೂಡಿ 71ರಿಂದ ಭಾಗಿಸಿದರೆ 261.3. ಇಲ್ಲಿ ವ್ಯತ್ಯಾಸ ಸಣ್ಣದು. ಆದರೆ ಒಂದು ಗುಂಪಿನಲ್ಲಿ ಹತ್ತು ಮಂದಿ, ಇನ್ನೊಂದರಲ್ಲಿ ಸಾವಿರ ಮಂದಿ ಇರುವ ವರದಿಯಲ್ಲಿ ಸರಾಸರಿಗಳ ಸರಾಸರಿ ತೆಗೆಯುವವರು ದೊಡ್ಡ ಪೆಟ್ಟನ್ನೇ ತಿನ್ನುತ್ತಾರೆ. ಗುಂಪುಗಳ ಗಾತ್ರ ಏರುಪೇರಾಗಿದ್ದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಶುರುವಿನಲ್ಲೇ ಹೀಗಿತ್ತೇ, ಅಥವಾ ನಡುವೆ ಕೆಲವು ಬಿಟ್ಟುಹೋದವೇ? ದುರ್ಬಲ ಮರಿಗಳು ಸತ್ತು, ಉಳಿದವುಗಳನ್ನು ಮಾತ್ರ ತೂಗಿದ್ದರೆ ಸರಾಸರಿ ತಾನಾಗಿಯೇ ಮೇಲೇರುತ್ತದೆ. ಅದರ ಕೀರ್ತಿ ಆಹಾರಕ್ಕೆ ಸಲ್ಲುತ್ತದೆ. ಒಳ್ಳೆಯ ವರದಿ ಶುರುವಿನ ಸಂಖ್ಯೆ, ಕೊನೆಯ ಸಂಖ್ಯೆ ಎರಡನ್ನೂ ಕೊಟ್ಟಿರುತ್ತದೆ.

ಈಗ ಮೇಲಿನ ಎರಡು ಸಾಲುಗಳಿಗೆ ಬರೋಣ. ಸರಾಸರಿಯನ್ನು ನಂಬಿದರೆ ಸೂರ್ಯಕಾಂತಿ 328.9 ಗ್ರಾಂನೊಂದಿಗೆ ಮೊದಲು, ಕೇಸಿನ್ 323.6ರೊಂದಿಗೆ ಎರಡನೆಯದು. ಮಧ್ಯಾಂಕವನ್ನು ನಂಬಿದರೆ ಕೇಸಿನ್ 342, ಸೂರ್ಯಕಾಂತಿ 328, ಅಂದರೆ ಪಟ್ಟ ಅದಲುಬದಲು. ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಎರಡೂ ಅಳತೆಗಳು ಕೇಳುವ ಪ್ರಶ್ನೆಯೇ ಬೇರೆ ಬೇರೆ.

ಸರಾಸರಿ ಇಡೀ ಗುಂಪಿನ ತೂಕವನ್ನು ಎಲ್ಲರಿಗೂ ಸಮನಾಗಿ ಹಂಚುತ್ತದೆ. ಕೇಸಿನ್ ತಿಂದ 12 ಮರಿಗಳ ಒಟ್ಟು ತೂಕ 3883 ಗ್ರಾಂ, ಹನ್ನೆರಡರಿಂದ ಭಾಗಿಸಿದರೆ 323.6. ಮಧ್ಯಾಂಕ ತೆಗೆಯುವವರು ಮರಿಗಳನ್ನು ತೂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಡುವೆ ನಿಂತದ್ದು ಯಾವುದೆಂದು ನೋಡುತ್ತಾರೆ. ಹನ್ನೆರಡಕ್ಕೆ ನಡುವಿನವು ಎರಡು, ಆರನೆಯದು ಮತ್ತು ಏಳನೆಯದು, ಅವೆರಡರ ನಡುಬಿಂದುವೇ ಮಧ್ಯಾಂಕ. ಕೇಸಿನ್ ಗುಂಪಿನ ಸಾಲು ಹೀಗಿದೆ:

216, 222, 260, 283, 318, 332, 352, 359, 368, 379, 390, 404

ಆರನೆಯದು 332, ಏಳನೆಯದು 352, ನಡುಬಿಂದು 342. ಬಲಗಡೆಯ ಆರು ಮರಿಗಳು 352ರಿಂದ 404ರವರೆಗೆ ಒತ್ತೊತ್ತಾಗಿ ನಿಂತಿವೆ. ಎಡಗಡೆಯವು ಚದುರಿಹೋಗಿವೆ. ತುದಿಯ ಎರಡು ಮರಿಗಳಂತೂ ಉಳಿದವುಗಳಿಂದ ಬಹಳ ಹಿಂದೆ ಬಿದ್ದಿವೆ. ಸರಾಸರಿಯನ್ನು ಕೆಳಗೆ ಜಗ್ಗುತ್ತಿರುವುದು ಇವೇ. ಇವೆರಡನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿದ ಹತ್ತರ ಸರಾಸರಿ 344.5ಕ್ಕೆ ಏರುತ್ತದೆ. ಹಾಗೆ ಬಿಡಲು ಯಾರಿಗೂ ಹಕ್ಕಿಲ್ಲ ಎಂಬುದು ಬೇರೆ ಮಾತು. ಕೇಸಿನ್ ತಿಂದೂ 216 ಗ್ರಾಂಗೆ ನಿಂತ ಮರಿಯೂ ಪ್ರಯೋಗದ ಫಲಿತಾಂಶವೇ. ಆದರೆ ಸರಾಸರಿ 323.6, ಮಧ್ಯಾಂಕ 342 ಎಂದು ಅಕ್ಕಪಕ್ಕ ಕಂಡಾಗ, ಪಟ್ಟಿ ಕೈಯಲ್ಲಿ ಇಲ್ಲದಿದ್ದರೂ, ಕೆಳಗಿನ ತುದಿಯಲ್ಲಿ ಬಾಲವಿದೆ ಎಂದು ಓದುಗರು ಊಹಿಸಬಹುದು. ಎರಡನ್ನೂ ಜೊತೆಗೆ ಕೊಡುವುದರ ಮುಖ್ಯ ಉಪಯೋಗ ಇದು.

ಇದರಿಂದ ಒಂದು ಸೂತ್ರ ಹೊರಡಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ: ಸರಾಸರಿಯೂ ಮಧ್ಯಾಂಕವೂ ಹತ್ತಿರವಿದ್ದರೆ ಗುಂಪಿನಲ್ಲಿ ವಿಪರೀತಗಳಿಲ್ಲ. ಸೂರ್ಯಕಾಂತಿಯ ಸಾಲು ಆ ಆಸೆಗೆ ತಣ್ಣೀರು ಎರಚುತ್ತದೆ. ಅಲ್ಲಿ ಸರಾಸರಿ 328.9, ಮಧ್ಯಾಂಕ 328, ಹೆಚ್ಚುಕಡಿಮೆ ಒಂದೇ. ಆದರೆ ಮರಿಗಳನ್ನು ನೋಡಿ:

226, 295, 297, 318, 320, 322, 334, 339, 340, 341, 392, 423

ಒಂದು ಬದಿಯಲ್ಲಿ 226ರ ಒಂಟಿ ಮರಿ, ಇನ್ನೊಂದು ಬದಿಯಲ್ಲಿ 392 ಮತ್ತು 423. ಕೆಳಗೆ ಎಳೆಯುವ ಬಲವೂ ಮೇಲೆ ಎಳೆಯುವ ಬಲವೂ ಪರಸ್ಪರ ಕಳೆದುಹೋಗಿ ಸರಾಸರಿ ನಡುವೆಯೇ ಉಳಿಯಿತು. ಎರಡು ಅಳತೆಗಳು ಹತ್ತಿರವಿದ್ದರೆ ಹಂಚಿಕೆ ಒಂದೇ ಕಡೆಗೆ ವಾಲಿಲ್ಲ ಎನ್ನಬಹುದು, ಅಷ್ಟೇ. ದಂಡೆಯಲ್ಲಿ ಯಾರೂ ನಿಂತಿಲ್ಲ ಎನ್ನಲು ಅದು ಸಾಲದು.

ಈ ಕೋಷ್ಟಕದ ಅಸಲು ಕಥೆ ಇರುವುದು ಹರಡಿಕೆಯ ಕಾಲಂಗಳಲ್ಲಿ. ಸೂರ್ಯಕಾಂತಿ ಮತ್ತು ಕೇಸಿನ್, ಇವೆರಡರಲ್ಲಿ ಯಾವ ಗುಂಪಿನ ತೂಕಗಳು ಹೆಚ್ಚು ಹರಡಿವೆ? ಮೂರು ಅಳತೆಗಳನ್ನು ಕೇಳಿದರೆ ಮೂರು ಉತ್ತರ ಬರುತ್ತದೆ.

ವ್ಯಾಪ್ತಿ ಎಲ್ಲಕ್ಕಿಂತ ಸರಳ, ಗರಿಷ್ಠದಿಂದ ಕನಿಷ್ಠವನ್ನು ಕಳೆದರೆ ಸಾಕು. ಸೂರ್ಯಕಾಂತಿಯದು 197, ಕೇಸಿನ್‌ನದು 188. ಹಾಗಾದರೆ ಸೂರ್ಯಕಾಂತಿಯೇ ಹೆಚ್ಚು ಹರಡಿದೆ.

ಮಾನಕ ವಿಚಲನೆಯ ಲೆಕ್ಕ ಸ್ವಲ್ಪ ಉದ್ದ. ಪ್ರತಿ ಮರಿ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ಆ ದೂರವನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿ, ಮರಿಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿ, ವರ್ಗಮೂಲ ತೆಗೆಯುತ್ತಾರೆ. ಒಂದು ಕಡಿಮೆ ಏಕೆಂದರೆ, ದೂರವನ್ನು ಅಳೆಯಲು ಬಳಸಿದ ಸರಾಸರಿಯೂ ಇದೇ ಮರಿಗಳಿಂದ ಬಂದದ್ದು. ಅದು ತನ್ನ ಮರಿಗಳಿಗೆ ಇರಬೇಕಾದ್ದಕ್ಕಿಂತ ಹತ್ತಿರವೇ ನಿಂತಿರುತ್ತದೆ, ಆ ಪಕ್ಷಪಾತವನ್ನು ಸರಿದೂಗಿಸಲು ಈ ಕಡಿತ. ಈ ಅಳತೆಗೆ 1890ರ ದಶಕದಲ್ಲಿ ಹೆಸರಿಟ್ಟವರು ಕಾರ್ಲ್ ಪಿಯರ್ಸನ್. ಬಯೋಮೆಟ್ರಿಕಾವನ್ನು 1901ರಲ್ಲಿ ಶುರುಮಾಡಿದವರಲ್ಲಿ ಅವರೂ ಒಬ್ಬರು. ಈ ಲೆಕ್ಕದಲ್ಲಿ ಸೂರ್ಯಕಾಂತಿಗೆ 48.8, ಕೇಸಿನ್‌ಗೆ 64.4. ತೀರ್ಪು ತಿರುಗಿತು, ಕೇಸಿನ್ ಹೆಚ್ಚು ಹರಡಿದೆ.

ಮೂರನೆಯದು ಚತುರ್ಥಕ ಅಂತರ. ಸಾಲಿನ ಕೆಳಗಿನ ಕಾಲುಭಾಗವನ್ನೂ ಮೇಲಿನ ಕಾಲುಭಾಗವನ್ನೂ ಬದಿಗಿಟ್ಟು, ನಡುವಿನ ಅರ್ಧ ಎಷ್ಟು ಅಗಲಕ್ಕಿದೆ ಎಂದು ನೋಡುವುದು. ಕೇಸಿನ್‌ನ ಕೆಳಗಿನ ಆರು ಮರಿಗಳ ಮಧ್ಯಾಂಕ 271.5, ಮೇಲಿನ ಆರರದು 373.5, ಅಂತರ 102. ಸೂರ್ಯಕಾಂತಿಯಲ್ಲಿ 307.5 ಮತ್ತು 340.5, ಅಂತರ ಬರೀ 33. ಈ ಅಳತೆಯ ಪ್ರಕಾರ ಕೇಸಿನ್ ಗುಂಪು ಮೂರು ಪಟ್ಟು ಹರಡಿದೆ.

ಒಂದು ಅಳತೆ ಸೂರ್ಯಕಾಂತಿಯೇ ಚೂರು ಅಗಲ ಎನ್ನುತ್ತದೆ, ಎರಡನೆಯದು ಕೇಸಿನ್ ಸ್ವಲ್ಪ ಅಗಲ ಎನ್ನುತ್ತದೆ, ಮೂರನೆಯದು ಕೇಸಿನ್ ಮೂರರಷ್ಟು ಅಗಲ ಎನ್ನುತ್ತದೆ. ವ್ಯಾಪ್ತಿ ನೋಡುವುದು ತುದಿಯ ಎರಡು ಮರಿಗಳನ್ನು ಮಾತ್ರ, ನಡುವಿನ ಹತ್ತು ಎಲ್ಲಿದ್ದರೂ ಅದಕ್ಕೆ ಒಂದೇ. ಚತುರ್ಥಕ ಅಂತರ ಇದಕ್ಕೆ ತದ್ವಿರುದ್ಧ, ತುದಿಯವು ಎಷ್ಟು ದೂರ ಓಡಿದರೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಮಾನಕ ವಿಚಲನೆ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದಾದರೂ, ದೂರವನ್ನು ವರ್ಗ ಮಾಡುವುದರಿಂದ ದೂರದವರ ಮಾತಿಗೆ ಅಲ್ಲಿ ವಿಪರೀತ ತೂಕ. ಸೂರ್ಯಕಾಂತಿ ಗುಂಪಿನಲ್ಲಿ ವರ್ಗಗಳ ಒಟ್ಟು ಮೊತ್ತ ಸುಮಾರು 26,235. ಅದರಲ್ಲಿ 226, 392, 423ರ ಮೂರೇ ಮರಿಗಳ ಪಾಲು ಸುಮಾರು 23,423, ಅಂದರೆ ಹತ್ತರಲ್ಲಿ ಒಂಬತ್ತು ಪಾಲು. ಉಳಿದ ಒಂಬತ್ತು ಮರಿಗಳು 295ರಿಂದ 341ರೊಳಗೆ, 46 ಗ್ರಾಂ ಅಂತರದಲ್ಲಿ, ಒಂದಕ್ಕೊಂದು ಅಂಟಿಕೊಂಡೇ ನಿಂತಿವೆ. ‘328.9, ಮಾನಕ ವಿಚಲನೆ 48.8’ ಎಂದು ಓದಿದವರ ಕಣ್ಣಿಗೆ ಈ ಒತ್ತಾದ ಗುಂಪು ಬೀಳುವುದಿಲ್ಲ.

ಚತುರ್ಥಕಗಳಲ್ಲೊಂದು ಸಣ್ಣ ಕಿರಿಕಿರಿಯಿದೆ. ಅವುಗಳನ್ನು ಲೆಕ್ಕ ಹಾಕುವ ರೀತಿ ಒಂದೇ ಅಲ್ಲ. ಮೇಲೆ ಹೇಳಿದಂತೆ ಸಾಲನ್ನು ಎರಡು ಅರ್ಧ ಮಾಡುವುದು ಒಂದು ವಿಧಾನ. R ತಂತ್ರಾಂಶದಲ್ಲಿ ಒಂಬತ್ತು ವಿಧಾನಗಳಿವೆ, ಏನೂ ಹೇಳದಿದ್ದರೆ ಅದು ತನ್ನದೇ ಒಂದನ್ನು ಬಳಸಿ ಕೇಸಿನ್‌ಗೆ 277.25 ಮತ್ತು 370.75 ಕೊಡುತ್ತದೆ, ಅಂತರ 93.5. ಹನ್ನೆರಡು ಮರಿಗಳಂಥ ಸಣ್ಣ ಗುಂಪಿನಲ್ಲಿ ಇಂಥ ವ್ಯತ್ಯಾಸ ಸಹಜ. ಇಬ್ಬರು ಒಂದೇ ಅಂಕಿಗಳಿಂದ ಬೇರೆ ಬೇರೆ ಚತುರ್ಥಕ ತೆಗೆದರೆ ಯಾರೋ ಒಬ್ಬರು ತಪ್ಪಿದ್ದಾರೆ ಎಂದು ಜಗಳಕ್ಕೆ ಇಳಿಯಬೇಕಿಲ್ಲ.

ಇನ್ನು ಕೋಷ್ಟಕದ ಕೊನೆಯ ಸಾಲಿಗೆ. ಹಾರ್ಸ್‌ಬೀನ್ ಗುಂಪಿನ ಮಾನಕ ವಿಚಲನೆ 38.6, ಆರರಲ್ಲೂ ಅತಿ ಕಡಿಮೆ. ‘ಈ ಆಹಾರ ತಿಂದ ಮರಿಗಳು ಕಡಿಮೆ ತೂಗಿದರೂ ಎಲ್ಲಾ ಒಂದೇ ಸಮ ಬೆಳೆದಿವೆ’ ಎಂದು ವರದಿಯ ಚರ್ಚಾಭಾಗದಲ್ಲಿ ಬರೆಯಲು ಕೈ ತುರಿಸುತ್ತದೆ. ಅದು ಸುಳ್ಳು. 160 ಗ್ರಾಂ ಮರಿಗೆ 38.6 ಗ್ರಾಂ ವ್ಯತ್ಯಾಸ ಎಂದರೆ ಅದರ ತೂಕದ ಸುಮಾರು ಕಾಲುಭಾಗ, ಶೇ. 24. ಸೂರ್ಯಕಾಂತಿಯಲ್ಲಿ 48.8 ಎಂಬುದು 328.9ರ ಶೇ. 15ರಷ್ಟು ಮಾತ್ರ. ಸರಾಸರಿಗಳೇ ಇಷ್ಟು ದೂರವಿರುವಾಗ ಮಾನಕ ವಿಚಲನೆಗಳನ್ನು ಬರಿಗಣ್ಣಿನಲ್ಲಿ ಹೋಲಿಸುವಂತಿಲ್ಲ, ಸರಾಸರಿಯ ಶೇಕಡಾವಾರಿಗೆ ತಂದು ಹೋಲಿಸಬೇಕು. ಹಾಗೆ ನೋಡಿದರೆ ಆರು ಗುಂಪುಗಳಲ್ಲಿ ಅತಿ ಏರುಪೇರಿನದು ಹಾರ್ಸ್‌ಬೀನ್.

ಕೋಳಿ ಉದ್ಯಮದವರು ಇದನ್ನು ಬೇರೆ ರೀತಿ ಕೇಳುತ್ತಾರೆ, ಆ ರೀತಿ ಬಹುಶಃ ಇನ್ನೂ ಚೆನ್ನಾಗಿದೆ. ಶೆಡ್ಡಿನ ಮರಿಗಳಲ್ಲಿ ಎಷ್ಟು ಪಾಲು ಸರಾಸರಿ ತೂಕಕ್ಕಿಂತ ಶೇ. 10 ಹೆಚ್ಚು–ಕಡಿಮೆಯೊಳಗೆ ಇವೆ? ಇದಕ್ಕೆ ಅವರು ಯೂನಿಫಾರ್ಮಿಟಿ ಎನ್ನುತ್ತಾರೆ. ಕೋಳಿಗಳು ಏರುಪೇರಾದರೆ ಮೇವಿನ ತೊಟ್ಟಿಯ ಬಳಿ ದೊಡ್ಡವು ಸಣ್ಣವನ್ನು ತಳ್ಳುತ್ತವೆ, ಒಂದೇ ಗಾತ್ರಕ್ಕೆ ಹೊಂದಿಸಿದ ಮಾಂಸ ಸಂಸ್ಕರಣೆಯ ಯಂತ್ರಗಳಿಗೂ ತೊಂದರೆ. 1948ರ ಮರಿಗಳಿಗೆ ಇದೇ ಅಳತೆ ಹಚ್ಚಿದರೆ ಸೂರ್ಯಕಾಂತಿಯ ಗುಂಪಿನಲ್ಲಿ 296ರಿಂದ 362 ಗ್ರಾಂ ಒಳಗೆ 12ಕ್ಕೆ 8 ಮರಿ ಬರುತ್ತವೆ. ಕೇಸಿನ್‌ನಲ್ಲಿ 12ಕ್ಕೆ 3. ಹಾರ್ಸ್‌ಬೀನ್‌ನಲ್ಲಿ 144ರಿಂದ 176ರ ಒಳಗೆ ಇರುವುದು 10ಕ್ಕೆ 2 ಮಾತ್ರ. ಸರಾಸರಿಯಲ್ಲಿ ಐದು ಗ್ರಾಂ ಅಂತರದಲ್ಲಿದ್ದ ಸೂರ್ಯಕಾಂತಿ ಮತ್ತು ಕೇಸಿನ್ ಇಲ್ಲಿ ಎಷ್ಟು ದೂರ ಸರಿದವು ನೋಡಿ. ಕೋಳಿ ಸಾಕುವ ರೈತ ಇವೆರಡರಲ್ಲಿ ಒಂದನ್ನು ಆರಿಸಬೇಕಿದ್ದರೆ ಅವನಿಗೆ ಬೇಕಾದ ಸಂಖ್ಯೆ ಇದು, ಕೋಷ್ಟಕದಲ್ಲಿ ಇಲ್ಲದ ಸಂಖ್ಯೆಯೂ ಇದೇ.

ಮಾಂಸದ ಪುಡಿಯ ಸಾಲಿನಲ್ಲಿ ಮಧ್ಯಾಂಕದ ದೌರ್ಬಲ್ಯವೂ ಬಯಲಾಗುತ್ತದೆ. ಸರಾಸರಿ ಕೈಕೊಟ್ಟಾಗೆಲ್ಲ ಮಧ್ಯಾಂಕವೇ ಗಟ್ಟಿ ಆಸರೆ ಎಂದು ಪಠ್ಯಪುಸ್ತಕಗಳು ಕಲಿಸುತ್ತವೆ. ಇಲ್ಲಿ 11 ಮರಿಗಳು, ಆರನೆಯದು 263. ಅದರ ಹಿಂದಿನವು 257 ಮತ್ತು 258, ಮುಂದಿನದು ಥಟ್ಟನೆ 303. ಅಂದರೆ ಮಧ್ಯಾಂಕ ನಿಂತಿರುವುದು 40 ಗ್ರಾಂ ಕಂದಕದ ಅಂಚಿನಲ್ಲಿ. 303ಕ್ಕಿಂತ ಭಾರದ ಇನ್ನೊಂದೇ ಒಂದು ಮರಿ ಗುಂಪಿನಲ್ಲಿ ಇದ್ದಿದ್ದರೆ ಮಧ್ಯಾಂಕ 263ರಿಂದ 283ಕ್ಕೆ ಜಿಗಿಯುತ್ತಿತ್ತು. ದೂರದ ವಿಪರೀತಗಳಿಗೆ ಮಧ್ಯಾಂಕ ಬಗ್ಗುವುದಿಲ್ಲ, ಆದರೆ ಸಣ್ಣ ಗುಂಪಿನ ನಡುವೆ ಬಿರುಕಿದ್ದರೆ ಅಲ್ಲೇ ಜಾರುತ್ತದೆ. ಹತ್ತು–ಹನ್ನೆರಡರ ಗುಂಪುಗಳಿಗೆ ಕನಿಷ್ಠ, ಗರಿಷ್ಠ, ಎರಡು ಚತುರ್ಥಕ ಎಲ್ಲಾ ಬರೆಯುವ ಬದಲು ಹನ್ನೆರಡು ಚುಕ್ಕಿಗಳ ಒಂದು ಚಿತ್ರ ಹಾಕುವುದೇ ಲೇಸು. ಅಷ್ಟೇ ಜಾಗ ಹಿಡಿಯುತ್ತದೆ, ಏನನ್ನೂ ಮುಚ್ಚಿಡುವುದಿಲ್ಲ.

ವರದಿಗಳಲ್ಲಿ ಅತಿ ಹೆಚ್ಚು ಗೊಂದಲ ಎಬ್ಬಿಸುವುದು ± ಎಂಬ ಒಂದು ಗುರುತು. ‘323.6 ± 64.4’ ಎಂದು ಬರೆದರೆ ಎರಡನೆಯದು ಮಾನಕ ವಿಚಲನೆ, ಮರಿಯಿಂದ ಮರಿಗೆ ಎಷ್ಟು ವ್ಯತ್ಯಾಸವಿದೆ ಎಂಬ ಲೆಕ್ಕ. ‘323.6 ± 18.6’ ಎಂದೂ ಬರೆಯಬಹುದು, ಅದೂ ಸರಿಯೇ. 64.4ನ್ನು 12ರ ವರ್ಗಮೂಲದಿಂದ ಭಾಗಿಸಿದರೆ 18.6 ಬರುತ್ತದೆ, ಇದು ಮಾನಕ ದೋಷ. ಇದೇ ಪ್ರಯೋಗವನ್ನು ಬೇರೆ ಹನ್ನೆರಡು ಮರಿಗಳ ಮೇಲೆ ಮತ್ತೆ ಮತ್ತೆ ಮಾಡಿದರೆ ಸರಾಸರಿ ಎಷ್ಟು ಅತ್ತಿತ್ತ ಆಡಬಹುದು ಎಂಬುದರ ಅಂದಾಜು. ಎರಡರ ಅರ್ಥ ಪೂರ್ತಿ ಬೇರೆ, ಆದರೆ ಗುರುತು ಒಂದೇ. ಮಾನಕ ದೋಷ ಯಾವಾಗಲೂ ಚಿಕ್ಕದು, ಹಾಗಾಗಿ ಅದನ್ನು ಹಾಕಿದ ಕೋಷ್ಟಕ ಅಚ್ಚುಕಟ್ಟಾಗಿ ಕಾಣುತ್ತದೆ. ಯಾವುದೆಂದು ತಲೆಬರಹದಲ್ಲೋ ಕೆಳಗಿನ ಟಿಪ್ಪಣಿಯಲ್ಲೋ ಹೇಳದ ವರದಿಯ ± ಗುರುತಿಗೆ ಕಿಮ್ಮತ್ತು ಕೊಡಬೇಕಿಲ್ಲ.

ಮಾನಕ ದೋಷ ಇಲ್ಲೊಂದು ಉಪಕಾರವನ್ನೂ ಮಾಡುತ್ತದೆ. ಸೂರ್ಯಕಾಂತಿಯದು 14.1, ಕೇಸಿನ್‌ನದು 18.6. ಇವೆರಡರ ಸರಾಸರಿಗಳ ಅಂತರ ಬರೀ 5.3 ಗ್ರಾಂ. ಸರಾಸರಿಗಳೇ ಹದಿನೈದು–ಇಪ್ಪತ್ತು ಗ್ರಾಂ ಅತ್ತಿತ್ತ ಅಲುಗಾಡುವಾಗ ಐದು ಗ್ರಾಂ ಮುನ್ನಡೆಗೆ ಪದಕ ಕೊಡಲಾಗದು. ಮೊದಲ ಸ್ಥಾನ ಯಾರಿಗೆ ಎಂಬ ಚರ್ಚೆಯನ್ನು ಅಲ್ಲಿಗೇ ಬಿಡಬಹುದು. ಹಾರ್ಸ್‌ಬೀನ್ ಹಿಂದೆ ಬಿದ್ದಿರುವುದಕ್ಕೆ ಮಾತ್ರ ಇಂಥ ಅನುಮಾನ ಬೇಡ. ಅದರ ಗುಂಪಿನ ಅತಿ ಭಾರದ ಮರಿ 227 ಗ್ರಾಂ, ಸೂರ್ಯಕಾಂತಿ ಗುಂಪಿನ ಅತಿ ಹಗುರದ್ದು 226. ಎರಡು ಗುಂಪುಗಳು ಒಂದೇ ಒಂದು ಗ್ರಾಂನಷ್ಟು ಜಾಗದಲ್ಲಿ ಒಂದಕ್ಕೊಂದು ತಾಗುತ್ತವೆ. ಕೋಷ್ಟಕದ ಕೊನೆಯ ಕಾಲಂ ಓದಿದವರಿಗೆ ಇದಕ್ಕೆ ಯಾವ ಪರೀಕ್ಷೆಯೂ ಬೇಕಾಗುವುದಿಲ್ಲ.

ಕೋಷ್ಟಕವೇ ತಪ್ಪಾಗಿದ್ದರೆ? ಮೂಲ ಅಂಕಿಗಳು ಕೈಗೆ ಸಿಗದಿದ್ದಾಗಲೂ ಕೆಲವು ತಪ್ಪುಗಳು ಹೊರಗೆ ಇಣುಕುತ್ತವೆ. ಕೇಸಿನ್‌ನ 216ನ್ನು ಟೈಪ್ ಮಾಡುವಾಗ ಒಂದು ಸೊನ್ನೆ ಹೆಚ್ಚಾಗಿ 2160 ಆಯಿತು ಎಂದುಕೊಳ್ಳೋಣ. ಮಧ್ಯಾಂಕ 342ರಿಂದ 355.5ಕ್ಕೆ ಸರಿಯುತ್ತದೆ, ಯಾರ ಹುಬ್ಬೂ ಏರುವುದಿಲ್ಲ. ಸರಾಸರಿ 485.6ಕ್ಕೆ ಹಾರುತ್ತದೆ, ಮಾನಕ ವಿಚಲನೆ 500 ದಾಟುತ್ತದೆ. ತೂಕ ಎಂದೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಅಂಥ ಅಳತೆಯಲ್ಲಿ ಹರಡಿಕೆಯೇ ಸರಾಸರಿಯನ್ನು ಮೀರಿದರೆ ಒಂದೋ ಅಂಕಿ ತಪ್ಪಿದೆ, ಇಲ್ಲವೇ ಹಂಚಿಕೆ ಒಂದು ಕಡೆಗೆ ಭಾರಿಯಾಗಿ ವಾಲಿದೆ. ಬ್ರಿಟನ್ನಿನ ಡಗ್ಲಸ್ ಆಲ್ಟ್‌ಮನ್ ಮತ್ತು ಮಾರ್ಟಿನ್ ಬ್ಲಾಂಡ್ 1996ರಲ್ಲಿ ವೈದ್ಯರಿಗಾಗಿ ಬರೆದ ಪುಟ್ಟ ಟಿಪ್ಪಣಿಯೊಂದರಲ್ಲಿ ಇನ್ನೂ ಬಿಗಿಯಾದ ಮಾನದಂಡ ಕೊಟ್ಟಿದ್ದಾರೆ: ಇಂಥ ಅಳತೆಯ ಸರಾಸರಿ ಮಾನಕ ವಿಚಲನೆಯ ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ಹಂಚಿಕೆ ಸಮತೋಲದಲ್ಲಿಲ್ಲ. ನಮ್ಮ ಆರೂ ಸಾಲುಗಳಲ್ಲಿ ಸರಾಸರಿ ನಾಲ್ಕು ಪಟ್ಟನ್ನೂ ದಾಟಿದೆ, ಹಾಗಾಗಿ ಅವು ಈ ಜರಡಿಯಲ್ಲಿ ಸಲೀಸಾಗಿ ಪಾಸಾಗುತ್ತವೆ.

ಇನ್ನೊಂದು ಪರೀಕ್ಷೆಗೆ ಭಾಗಾಕಾರ ಗೊತ್ತಿದ್ದರೆ ಸಾಕು. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಎಂಬ ಇಬ್ಬರು ಸಂಶೋಧಕರು 2016ರಲ್ಲಿ ಇದಕ್ಕೆ ಗ್ರಿಮ್ ಪರೀಕ್ಷೆ ಎಂದು ಹೆಸರಿಟ್ಟು ಮನೋವಿಜ್ಞಾನದ ಪ್ರಬಂಧಗಳ ಮೇಲೆ ಬಳಸಿದರು, ಹಲವು ಪ್ರಬಂಧಗಳಲ್ಲಿ ಇರಲು ಸಾಧ್ಯವೇ ಇಲ್ಲದ ಸರಾಸರಿಗಳು ಸಿಕ್ಕಿದವು. ಮರಿಗಳನ್ನು ಪೂರ್ಣ ಗ್ರಾಂಗಳಲ್ಲಿ ತೂಗಿದ್ದಾರೆ, ಹಾಗಾಗಿ ಗುಂಪಿನ ಒಟ್ಟು ತೂಕವೂ ಪೂರ್ಣಾಂಕವೇ ಆಗಬೇಕು. ಕೇಸಿನ್‌ನ ಒಟ್ಟು 3883 ಆದರೆ ಸರಾಸರಿ 323.58, 3884 ಆದರೆ 323.67. ಇವೆರಡರ ನಡುವೆ ಬೇರೆ ಸರಾಸರಿಗೆ ಜಾಗವಿಲ್ಲ. ಯಾವುದಾದರೂ ವರದಿ ಹನ್ನೆರಡು ಮರಿಗಳಿಗೆ 323.61 ಎಂದು ಬರೆದರೆ ಒಂದು ಮರಿಯ ಲೆಕ್ಕ ತಪ್ಪಿದೆ, ಇಲ್ಲವೇ ಅಂಕಿಯೇ ತಪ್ಪು. ಗುಂಪು ದೊಡ್ಡದಾದಂತೆ ಈ ಪರೀಕ್ಷೆ ಮೊಂಡಾಗುತ್ತದೆ. ನೂರಕ್ಕಿಂತ ಹೆಚ್ಚು ಮರಿಗಳಿದ್ದರೆ ಎರಡು ದಶಮಾಂಶದ ಎಲ್ಲಾ ಸರಾಸರಿಗಳೂ ಸಾಧ್ಯವೇ, ಆಗ ಇದರಿಂದ ಏನೂ ಸಿಕ್ಕಿಬೀಳುವುದಿಲ್ಲ. ಹಾರ್ಸ್‌ಬೀನ್‌ನ ಹತ್ತು ಮರಿಗಳಲ್ಲಿ ಇದು ಅತಿ ಹರಿತ: ಸರಾಸರಿಗೆ ಒಂದೇ ದಶಮಾಂಶ ಇರಲು ಸಾಧ್ಯ, ಎರಡನೇ ಸ್ಥಾನದಲ್ಲಿ ಸೊನ್ನೆಯಲ್ಲದೆ ಬೇರೇನು ಕಂಡರೂ, ಉದಾಹರಣೆಗೆ 160.25 ಎಂದಿದ್ದರೆ, ಆ ಸಾಲನ್ನು ಬರೆದವರಿಗೆ ವಾಪಸು ಕಳಿಸಬಹುದು.